ಲಂಗ ಬೀಸುವುದಿಲ್ಲ, ಕೈಕಟ್ಟಿದರೆ ತೋಳು ಮಾಯ

"ನನ್ನ ಡಾನ್ಸನ್ನು ತಂಗಿ ಮಾಡಿದಂತೆ ತೋರಿಸುವ ವಿಡಿಯೊ ಬೇಕಿತ್ತು. ಅವಳನ್ನು ಒಪ್ಪಿಸಿ ಅವಳ ವಿಡಿಯೊದಲ್ಲಿ ಎಐ ಮಾಡೆಲ್‌ಗೆ ತರಬೇತಿ ಕೊಟ್ಟೆ. ನನ್ನ ಡಾನ್ಸ್ ಹಾಕಿದರೆ ಲಂಗ ಮಂಜು ಮಂಜು, ಕೈಕಟ್ಟಿದಾಗ ಒಂದು ತೋಳೇ ಇಲ್ಲ. ಪೋಸ್ ಸರಿಯಾಗೇ ಇದೆಯಲ್ಲ?"

ಲಂಗದ ವಿಷಯದಲ್ಲಿ ಪೋಸ್ ಸರಿಯಿದ್ದರೂ ಸಾಲದು. ವಿಡಿಯೊದಿಂದ ಪೋಸ್ ಗುರುತಿಸುವ ಓಪನ್‌ಪೋಸ್ ಕೊಡುವುದು ಮೈಮೇಲಿನ 25 ಬಿಂದು ಅಷ್ಟೇ, ಅದರಲ್ಲಿ ಬಟ್ಟೆಯ ಸುಳಿವೇ ಇಲ್ಲ. ತಂಗಿ ಗಿರಕಿ ಹೊಡೆದು ನಿಂತ ಕ್ಷಣವನ್ನೇ ನೋಡಿ. ಕಾಲು ನಿಂತಿದೆ, ಲಂಗ ಇನ್ನೂ ಬೀಸುತ್ತಿದೆ. ಸುಮ್ಮನೆ ನಿಂತಾಗಲೂ ಅಸ್ಥಿಪಂಜರ ಅದೇ, ಲಂಗ ಮಾತ್ರ ಇಳಿಬಿದ್ದಿದೆ. ಒಂದೇ ಪೋಸ್‌ಗೆ ಎರಡು ಚಿತ್ರ ಕಂಡ ಮಾಡೆಲ್ ನಡುವೆ ಎಲ್ಲೋ ಸರಾಸರಿ ಬಿಡಿಸುತ್ತದೆ. ಆ ಮಂಜು ಅದೇ. ಬರ್ಕ್ಲಿ ವಿಶ್ವವಿದ್ಯಾಲಯದವರ 2018ರ ಡಾನ್ಸ್ ವರ್ಗಾವಣೆ ಕೆಲಸದಲ್ಲಿ ಹಿಂದಿನ ಫ್ರೇಮನ್ನೂ ಜೊತೆಗೆ ಕೊಟ್ಟಿದ್ದರು. ಅದರಿಂದ ನಡುಕ ಕಡಿಮೆಯಾಯಿತು, ಆದರೆ ಸಡಿಲ ಬಟ್ಟೆಯ ತೊಂದರೆ ಅವರಿಗೂ ಉಳಿಯಿತು. ತಂಗಿಗೆ ಬಿಗಿಯಾದ ಚೂಡಿದಾರ್ ಹಾಕಿಸಿ ಮತ್ತೆ ಶೂಟ್ ಮಾಡುವುದೇ ಅಗ್ಗ.

ತೋಳಿನ ಕಥೆ ಬೇರೆ. ಬಿಂದುಗಳಿಗೆ ಆಳವಿಲ್ಲ, ಯಾವ ಕೈ ಮುಂದೆ ಎಂದು ಅವು ಹೇಳುವುದಿಲ್ಲ. ಮರೆಯಾದ ಮಣಿಕಟ್ಟನ್ನಂತೂ ಓಪನ್‌ಪೋಸ್ ಹಲವು ಸಲ ಪತ್ತೆಯೇ ಮಾಡುವುದಿಲ್ಲ. ನಿಮ್ಮ ಡಾನ್ಸಿನ ಪ್ರತಿ ಫ್ರೇಮ್‌ಗೆ ಓಪನ್‌ಪೋಸ್ ಬರೆದ ಜೇಸನ್ ಫೈಲಿನಲ್ಲಿ `pose_keypoints_2d` ತೆರೆಯಿರಿ. ಪ್ರತಿ ಬಿಂದುವಿಗೆ ಮೂರು ಸಂಖ್ಯೆ, ಮೂರನೆಯದು ನಂಬಿಕೆಯ ಮಟ್ಟ. ಸೊನ್ನೆಯಿಂದ ಎಣಿಸಿದರೆ 4 ಬಲ ಮಣಿಕಟ್ಟು, 7 ಎಡ. ಕೈಕಟ್ಟಿದ ಫ್ರೇಮ್‌ಗಳಲ್ಲಿ ಇವುಗಳ ಮೂರನೆಯ ಸಂಖ್ಯೆ 0 ಆಗಿದ್ದರೆ ಮಾಡೆಲ್‌ಗೆ ತೋಳು ಸಿಕ್ಕೇ ಇಲ್ಲ. ನಾಲ್ಕೈದು ಫ್ರೇಮ್ ಆದರೆ ಅಕ್ಕಪಕ್ಕದ ಫ್ರೇಮ್‌ಗಳ ಸ್ಥಾನಗಳಿಂದ ತುಂಬಿಸಿ. ಸಂಖ್ಯೆ ಚೆನ್ನಾಗಿದ್ದೂ ತೋಳು ಕಾಣದಿದ್ದರೆ, ತಂಗಿ ತರಬೇತಿ ವಿಡಿಯೊದಲ್ಲಿ ಬಹುಶಃ ಒಮ್ಮೆಯೂ ಕೈಕಟ್ಟಿಲ್ಲ.