ಕ್ರೀಮ್ ಹಚ್ಚಿದ ಮೇಲೆ ಹುಳುಕಡ್ಡಿಯ ಉಂಗುರ ಎಲ್ಲಿ ಹೋಯಿತು?

ಪ್ರಶ್ನೆ: ತೊಡೆ ಸಂದಿಯಲ್ಲಿ ದುಂಡಗೆ ಹುಳುಕಡ್ಡಿ ಆಗಿತ್ತು. ಮೆಡಿಕಲ್‌ನಲ್ಲಿ ಕೊಟ್ಟ ಕ್ರೀಮ್ ಹಚ್ಚಿದ್ರೆ ಮೂರು ದಿನಕ್ಕೆ ಕಮ್ಮಿ ಆಗುತ್ತೆ, ಬಿಟ್ರೆ ಮತ್ತೆ ಬರುತ್ತೆ. ಐದು ತಿಂಗಳಾಯ್ತು. ಈಗ ಉಂಗುರದ ಥರಾನೂ ಇಲ್ಲ, ಏನೇನೋ ಕಾಣುತ್ತೆ. ಬೇರೆ ಕಾಯಿಲೆನಾ?

ಬಹುಮಟ್ಟಿಗೆ ಅದೇ ಹುಳುಕಡ್ಡಿ ಇರಬೇಕು. ನಾನು ಬೆಂಗಳೂರಿನಲ್ಲಿ ಚರ್ಮದ ಡಾಕ್ಟರ್. ನೀವು ಹೇಳಿದ ಕಥೆಯನ್ನೇ ವಾರದಲ್ಲಿ ಎಷ್ಟೋ ಸಲ ಕೇಳುತ್ತೇನೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆ ಟ್ಯೂಬ್ ತಂದು ಬೆಳಕಿಗೆ ಹಿಡಿದು ಓದಿ. ಅಕ್ಷರ ತುಂಬಾ ಸಣ್ಣದಿರುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಇವುಗಳಲ್ಲಿ ಒಂದು ಹೆಸರು ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ ಎಂದರ್ಥ. ಜೊತೆಗೆ ಫಂಗಸ್ ಔಷಧಿ ಒಂದು, ಬ್ಯಾಕ್ಟೀರಿಯಾ ಔಷಧಿ ಒಂದೋ ಎರಡೋ ಸೇರಿರುತ್ತವೆ. ಎಲ್ಲಾ ಒಂದೇ ಟ್ಯೂಬಿನಲ್ಲಿ ಇದೆಯಲ್ಲ, ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ತೊಂದರೆ ಶುರುವಾಗುವುದು ಅಲ್ಲೇ.

ಹುಳುಕಡ್ಡಿಯಲ್ಲಿ ಹುಳು ಇರುವುದಿಲ್ಲ, ಇರುವುದು ಫಂಗಸ್. ಅದು ಚರ್ಮದ ಮೇಲಿನ ಸತ್ತ ಪದರವನ್ನು ತಿಂದುಕೊಂಡು ಒಂದು ಚುಕ್ಕೆಯಿಂದ ಸುತ್ತಲೂ ಹರಡುತ್ತದೆ. ಅದು ಮುಂದೆ ಸಾಗುವ ಜಾಗದಲ್ಲಿ ನಿಮ್ಮ ದೇಹ ಅದರ ಜೊತೆ ಹೋರಾಡುತ್ತದೆ. ಅದಕ್ಕೇ ಅಂಚು ಕೆಂಪಗೆ ಉಬ್ಬಿ, ಹೊಟ್ಟು ಏಳುತ್ತದೆ. ಹೋರಾಟ ಮುಗಿದ ನಡುಭಾಗ ತಿಳಿಯಾಗುತ್ತದೆ. ಹೀಗೆ ಉಂಗುರ ಮೂಡುತ್ತದೆ. ಅಂದರೆ ಆ ಉಂಗುರವನ್ನು ಬರೆದದ್ದು ಹೆಚ್ಚಾಗಿ ನಿಮ್ಮ ದೇಹವೇ.

ಸ್ಟೀರಾಯ್ಡ್ ಮಾಡುವುದು ಈ ಹೋರಾಟವನ್ನು ತಣ್ಣಗಾಗಿಸುವ ಕೆಲಸ. ಎರಡು ಮೂರು ದಿನದಲ್ಲಿ ಕೆಂಪು ಇಳಿಯುತ್ತದೆ, ಕೆರೆತ ನಿಲ್ಲುತ್ತದೆ, ಅಂಚು ಚಪ್ಪಟೆಯಾಗುತ್ತದೆ. ವಾಸಿಯಾಯಿತು ಎಂದು ನೀವು ಕ್ರೀಮ್ ಬಿಡುತ್ತೀರಿ. ಆದರೆ ಫಂಗಸ್ ಸಾಯಲು ವಾರಗಟ್ಟಲೆ ಔಷಧಿ ಬೇಕು. ಮೂರು ದಿನಕ್ಕೆ ಅದು ಸಾಯುವುದಿಲ್ಲ. ತಡೆಯುವವರು ಇಲ್ಲದ್ದರಿಂದ ಆರಾಮಾಗಿ ಹರಡುತ್ತದೆ. ಹೀಗೆ ಗುರುತು ಸಿಗದ ಹಾಗೆ ರೂಪ ಬದಲಿಸಿದ ಹುಳುಕಡ್ಡಿಗೆ ನಮ್ಮಲ್ಲಿ ಟಿನಿಯಾ ಇನ್‌ಕಾಗ್ನಿಟೋ ಎನ್ನುತ್ತಾರೆ. 1968ರಲ್ಲೇ ಇದನ್ನು ಹೆಸರಿಟ್ಟು ವಿವರಿಸಿದ್ದಾರೆ.

ಕಾಮಾಕ್ಷಿಪಾಳ್ಯದ ಕಡೆಯಿಂದ ಬಂದಿದ್ದ ಒಬ್ಬ ಆಟೋ ಡ್ರೈವರ್ ಬಗ್ಗೆ ಹೇಳುತ್ತೇನೆ. ವಯಸ್ಸು ಮೂವತ್ತರ ಮೇಲೆ. ದಿನಕ್ಕೆ ಹನ್ನೆರಡು ಗಂಟೆ ರೆಕ್ಸಿನ್ ಸೀಟಿನ ಮೇಲೆ ಬೆವರಿನಲ್ಲಿ ಕೂರುವ ಕೆಲಸ. ಎಂಟು ತಿಂಗಳಿಂದ ಕೆರೆತ. ಒಂದು ಕವರಿನಲ್ಲಿ ನಾಲ್ಕು ಟ್ಯೂಬ್ ತಂದಿದ್ದರು. ಮೂರು ಬೇರೆ ಬೇರೆ ಹೆಸರು, ಒಳಗೆ ಮಾತ್ರ ಎಲ್ಲದರಲ್ಲೂ ಕ್ಲೊಬೆಟಸಾಲ್. "ಮೇಡಂ, ಇದೊಂದೇ ನನಗೆ ಆಗಿ ಬರೋದು. ಹಚ್ಚಿದ ರಾತ್ರಿ ನಿದ್ದೆ ಬರುತ್ತೆ" ಎಂದರು. ಅವರು ಹೇಳಿದ್ದು ನಿಜವೇ. ಆ ಕೆರೆತದಲ್ಲಿ ನಿದ್ದೆ ಬಂದರೆ ಸಾಕು ಅನ್ನಿಸುತ್ತದೆ, ಅವರನ್ನು ಹೇಗೆ ಬೈಯುವುದು?

ತೊಡೆ ಸಂದಿಯಲ್ಲಿ ಉಂಗುರವೇ ಇರಲಿಲ್ಲ. ಮಸಿ ಮೆತ್ತಿದ ಹಾಗೆ ಕಂದು ಬಣ್ಣ, ಅಲ್ಲಲ್ಲಿ ಕೂದಲ ಬುಡದಲ್ಲಿ ಸಣ್ಣ ಕೆಂಪು ಗುಳ್ಳೆ. ಸಾಮಾನ್ಯವಾಗಿ ಹುಳುಕಡ್ಡಿ ವೃಷಣದ ಚರ್ಮಕ್ಕೆ ಹೋಗುವುದು ಕಡಿಮೆ. ಇವರಿಗೆ ಅಲ್ಲಿಗೂ ಹಬ್ಬಿತ್ತು. ಪೃಷ್ಠದ ಮೇಲೆ ಉಂಗುರದೊಳಗೆ ಉಂಗುರ, ಕೆರೆಗೆ ಕಲ್ಲು ಎಸೆದಾಗ ಏಳುವ ಅಲೆಗಳ ಹಾಗೆ. ಹಚ್ಚುವುದು, ಬಿಡುವುದು, ಮತ್ತೆ ಹಚ್ಚುವುದು ಮಾಡಿದರೆ ಹೀಗಾಗುತ್ತದೆ. ತಿಳಿಯಾದ ನಡುಭಾಗದಲ್ಲಿ ಉಳಿದ ಫಂಗಸ್, ಕ್ರೀಮ್ ಬಿಟ್ಟಾಗ ಇನ್ನೊಂದು ಸುತ್ತು ಶುರುಮಾಡುತ್ತದೆ. ಮಧ್ಯೆ ಬೇರೆ ಕಡೆ ತೋರಿಸಿದಾಗ ಇದನ್ನು ಎಕ್ಸಿಮಾ ಅಂದುಕೊಂಡು ಮತ್ತೊಂದು ಸ್ಟೀರಾಯ್ಡ್ ಬರೆದುಕೊಟ್ಟಿದ್ದರಂತೆ. ಬರೀ ಕಣ್ಣಿನಲ್ಲಿ ನೋಡಿದರೆ ಡಾಕ್ಟರೂ ಮೋಸಹೋಗುತ್ತಾರೆ.

ಅದಕ್ಕೇ ಕೆಒಎಚ್ ಟೆಸ್ಟ್ ಮಾಡುವುದು. ಅಂಚಿನಿಂದ ಹೊಟ್ಟನ್ನು ಕೆರೆದು ಗಾಜಿನ ಸ್ಲೈಡಿನ ಮೇಲೆ ಹಾಕಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಡುತ್ತೇವೆ. ಸ್ವಲ್ಪ ಹೊತ್ತಿಗೆ ಚರ್ಮದ ಕಣ ಕರಗುತ್ತದೆ, ಫಂಗಸ್ಸಿನ ಎಳೆಗಳು ಉಳಿಯುತ್ತವೆ. ಅವರ ಸ್ಲೈಡಿನಲ್ಲಿ ಎಳೆಗಳು ಬಲೆಯ ಹಾಗೆ ತುಂಬಿದ್ದವು. ಹೊರಗೆ ನೋಡಲು ತಣ್ಣಗಿದ್ದ ಚರ್ಮ, ಒಳಗೆ ಹಾಗಿತ್ತು. ಒಂದು ಮಾತು: ಟೆಸ್ಟಿಗೆ ಮುಂಚೆ ಫಂಗಸ್ ಕ್ರೀಮ್ ಹಚ್ಚುತ್ತಲೇ ಇದ್ದರೆ ಏನೂ ಕಾಣದೆ ಹೋಗಬಹುದು. ಏನೂ ಕಾಣಲಿಲ್ಲ ಅಂದಮಾತ್ರಕ್ಕೆ ಫಂಗಸ್ ಇಲ್ಲ ಎಂದಲ್ಲ.

ಟ್ಯೂಬ್ ನಾಲ್ಕನ್ನೂ ನಿಲ್ಲಿಸಿ, ಇಟ್ರಾಕೊನಜೋಲ್ 100 ಮಿಲಿಗ್ರಾಂ ಕ್ಯಾಪ್ಸೂಲ್ ದಿನಕ್ಕೆ ಎರಡು ಸಲ ಊಟವಾದ ತಕ್ಷಣ, ಕೆರೆತಕ್ಕೆ ಒಂದು ಮಾತ್ರೆ, ಹಚ್ಚಲು ಸ್ಟೀರಾಯ್ಡ್ ಇಲ್ಲದ ಬರೀ ಫಂಗಸ್ ಕ್ರೀಮ್ ಕೊಟ್ಟೆ. ಅದನ್ನು ಕಾಣುವ ಗಾಯದ ಆಚೆ ಎರಡು ಬೆರಳಷ್ಟು ಅಗಲಕ್ಕೂ ಹಚ್ಚಬೇಕು. ಇದನ್ನು ಓದಿ ನೀವೇ ಅಂಗಡಿಯಲ್ಲಿ ಇಟ್ರಾಕೊನಜೋಲ್ ಕೊಳ್ಳಬೇಡಿ. ಹೃದಯದ ತೊಂದರೆ ಇದ್ದವರಿಗೆ ಅದು ಆಗುವುದಿಲ್ಲ, ಕೆಲವು ಮಾತ್ರೆಗಳ ಜೊತೆ ಸೇರಿದರೆ ಅಪಾಯ, ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ನಾಲ್ಕನೇ ದಿನ ಅವರ ಫೋನು. "ಮೇಡಂ, ಬೆಂಕಿ ಥರ ಉರೀತಿದೆ, ನಿಮ್ಮ ಮಾತ್ರೆ ಹಿಡಿಸ್ತಿಲ್ಲ." ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದೆ. ಇಷ್ಟು ದಿನ ಅದುಮಿಟ್ಟಿದ್ದ ಕೆಂಪು, ಕೆರೆತ ಎಲ್ಲಾ ಸ್ಟೀರಾಯ್ಡ್ ನಿಂತಾಗ ಒಟ್ಟಿಗೆ ಏಳುತ್ತದೆ. ಬಹಳ ಜನ ಇಲ್ಲೇ ಸೋತು ಹಳೇ ಟ್ಯೂಬಿಗೆ ಕೈಹಾಕುತ್ತಾರೆ. ನಿಮ್ಮ "ಬಿಟ್ರೆ ಮತ್ತೆ ಬರುತ್ತೆ" ಕೂಡ ಅರ್ಧ ಇದೇ. ಅವರು ತಡೆದುಕೊಂಡರು. ಹತ್ತು ಹನ್ನೆರಡು ದಿನಕ್ಕೆ ಉರಿ ಇಳಿಯಿತು. ಆಮೇಲೆ ವಿಚಿತ್ರ ಅನ್ನಿಸುವ ಹಾಗೆ ಸರಿಯಾದ ಉಂಗುರಗಳು ಮತ್ತೆ ಕಾಣಿಸಿ, ನಿಧಾನವಾಗಿ ಮಾಸಿದವು. ಮಾತ್ರೆ ಎಂಟು ವಾರ ಬೇಕಾಯಿತು. ಚರ್ಮ ಪೂರ್ತಿ ತಿಳಿಯಾದ ಮೇಲೂ ಎರಡು ವಾರ ಕ್ರೀಮ್ ಹಚ್ಚಿಸಿದೆ.

ಅವರ ಹೆಂಡತಿಗೂ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಇತ್ತು. ಒಂದೇ ಟವೆಲ್ ಬಳಸುತ್ತಿದ್ದರು. ಇಬ್ಬರಿಗೂ ಒಟ್ಟಿಗೆ ಔಷಧಿ ಕೊಟ್ಟೆವು, ಇಲ್ಲದಿದ್ದರೆ ಅವರಿಂದ ಇವರಿಗೆ ಮತ್ತೆ ಬರುತ್ತಿತ್ತು.

ವಾಸಿಯಾಗದೆ ಉಳಿದದ್ದು ಒಂದು. ತೊಡೆಯ ಒಳಭಾಗದಲ್ಲಿ ನೇರಳೆ ಗೆರೆಗಳು, ಬಸುರಿಯ ಹೊಟ್ಟೆಯ ಮೇಲಿನ ಗೆರೆಗಳ ಹಾಗೆ. ಸಂದಿಯ ಚರ್ಮ ಮೊದಲೇ ತೆಳು. ಅಲ್ಲಿ ಕ್ಲೊಬೆಟಸಾಲ್ ಜಾಸ್ತಿ ಇಳಿದು ಚರ್ಮವನ್ನು ಒಳಗಿನಿಂದ ಸೀಳುತ್ತದೆ. ಬಣ್ಣ ಬೆಳ್ಳಗಾಗಬಹುದು, ಗೆರೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳ ಕ್ರೀಮುಗಳನ್ನೂ ಶೆಡ್ಯೂಲ್ ಎಚ್ ಅಡಿಗೆ ತಂದಿದೆ, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೌಂಟರಿನಲ್ಲಿ ಸುಮ್ನೆ ಕೈಗೆ ಕೊಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ನೀವು ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ. ಬಳಸಿದ ಎಲ್ಲಾ ಟ್ಯೂಬ್ ತೆಗೆದುಕೊಂಡು ಹೋಗಿ, ಖಾಲಿಯಾಗಿದ್ದರೂ ಸರಿ. ಎಷ್ಟು ಟ್ಯೂಬ್ ಆಯಿತು ಎಂದು ಮುಚ್ಚಿಡದೆ ಹೇಳಿ. ಮೈಯ ತುಂಬಾ ಜಾಗಕ್ಕೆ ತಿಂಗಳುಗಟ್ಟಲೆ ಹಚ್ಚಿದ್ದರೆ, ಹೇಗೆ ನಿಲ್ಲಿಸಬೇಕು ಎಂಬುದನ್ನೂ ಅವರೇ ಹೇಳಬೇಕು. ಮನೆಯಲ್ಲಿ ಇನ್ಯಾರಿಗಾದರೂ ಕೆರೆತ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.