ಬೆಸ ಘಾತದ ಬಹುಪದೋಕ್ತಿಗೆ ವಾಸ್ತವ ಮೂಲ ಇರಲೇಬೇಕು ಏಕೆ?

ಪ್ರಶ್ನೆ: x³ + 1000x² + 1 ಇದರ ನಕ್ಷೆಯನ್ನು ಮೊಬೈಲಿನಲ್ಲಿ ಬಿಡಿಸಿ ನೋಡಿದೆ. ಅದು x-ಅಕ್ಷವನ್ನು ಎಲ್ಲಿಯೂ ಮುಟ್ಟುವುದಿಲ್ಲ. ಸಹಗುಣಕಗಳು ವಾಸ್ತವವಾಗಿದ್ದು ಘಾತ ಬೆಸವಾಗಿದ್ದರೆ ಒಂದಾದರೂ ವಾಸ್ತವ ಮೂಲ ಇದ್ದೇ ಇರುತ್ತದೆ ಎಂದು ಪುಸ್ತಕದಲ್ಲಿದೆ. ಸೂತ್ರಗಳ ಸಾಧನೆ ಬೇಡ, ಮನಸ್ಸಿಗೆ ಒಪ್ಪುವ ಕಾರಣವನ್ನು ಯಾರಾದರೂ ಹೇಳುತ್ತೀರಾ?

ಉತ್ತರ:

ನಿಮ್ಮ ಮೊಬೈಲ್ ತೋರಿಸಿದ್ದು ಸುಳ್ಳಲ್ಲ. ಆದರೆ ಅದು ತೋರಿಸಿದ್ದು ನಕ್ಷೆಯ ಒಂದು ಸಣ್ಣ ತುಂಡನ್ನು ಮಾತ್ರ. ಇಂತಹ ಆ್ಯಪ್‌ಗಳು ಸಾಮಾನ್ಯವಾಗಿ ಆರಂಭದಲ್ಲಿ −10 ರಿಂದ 10 ರವರೆಗಿನ ಭಾಗವನ್ನಷ್ಟೇ ಬಿಡಿಸುತ್ತವೆ. ಆ ವ್ಯಾಪ್ತಿಯಲ್ಲಿ ನಿಮ್ಮ ಬಹುಪದೋಕ್ತಿಯ ಅತಿ ಕಡಿಮೆ ಬೆಲೆ x = 0 ಆದಾಗ ಬರುವ 1; x = −10 ಆದಾಗ ಅದು 99001, x = 10 ಆದಾಗ 101001. ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಏರುವ ಈ ರೇಖೆಯನ್ನು ನೋಡಿದವರು ಇದನ್ನು ವರ್ಗ ಬಹುಪದೋಕ್ತಿಯ ಪರವಲಯ ಎಂದೇ ಭಾವಿಸುತ್ತಾರೆ, ಏಕೆಂದರೆ ಆ ವ್ಯಾಪ್ತಿಯಲ್ಲಿ 1000x² ಎಂಬ ಪದದ ಮುಂದೆ x³ ಲೆಕ್ಕಕ್ಕೇ ಇಲ್ಲ.

ಈಗ ಎಡಕ್ಕೆ ಬಹಳ ದೂರ ಹೋಗಿ ನೋಡೋಣ. ಲೆಕ್ಕ ಸುಲಭವಾಗಲೆಂದು ಬಹುಪದೋಕ್ತಿಯನ್ನು x²(x + 1000) + 1 ಎಂದು ಬರೆದುಕೊಳ್ಳಿ. x = −1000 ಆದಾಗ ಆವರಣದೊಳಗಿನದು ಸೊನ್ನೆಯಾಗಿ ಬೆಲೆ 1 ಮಾತ್ರ ಉಳಿಯುತ್ತದೆ. ಇನ್ನೊಂದೇ ಒಂದು ಹೆಜ್ಜೆ ಮುಂದಿಟ್ಟು x = −1001 ಎಂದು ತೆಗೆದುಕೊಂಡರೆ ಬೆಲೆ −1002000 ಆಗುತ್ತದೆ. ಅಂದರೆ ರೇಖೆಯು −1001 ಮತ್ತು −1000 ರ ನಡುವೆ ಎಲ್ಲೋ ಅಕ್ಷವನ್ನು ದಾಟಿದೆ. ಆ ಮೂಲ ಸುಮಾರು −1000.000001. ನಿಮ್ಮ ನಕ್ಷೆಯಲ್ಲಿ ಅದು ಕಾಣದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದು ಈ ಒಂದು ಉದಾಹರಣೆಯ ಅದೃಷ್ಟವಲ್ಲ ಎಂಬುದನ್ನು ಕಾಣಲು ಅತಿ ದೊಡ್ಡ ಘಾತದ ಪದವನ್ನು ಹೊರಗೆ ತೆಗೆದು, ಉಳಿದವನ್ನು ಆವರಣದಲ್ಲಿ ಇಡಬೇಕು:

x³ + 1000x² + 1 = x³ (1 + 1000/x + 1/x³)

ಇಲ್ಲಿ ಆವರಣದ ಬೆಲೆಯನ್ನು ಗಮನಿಸುತ್ತಾ ಹೋಗಿ. x = −10 ಆದಾಗ ಅದು −99.001, ಆದ್ದರಿಂದಲೇ x³ ಋಣವಾಗಿದ್ದರೂ ಒಟ್ಟು ಗುಣಲಬ್ಧ ಧನವಾಗಿತ್ತು. x = −2000 ಆಗುವಷ್ಟರಲ್ಲಿ ಆವರಣದ ಬೆಲೆ ಸುಮಾರು 0.5 ಆಗಿರುತ್ತದೆ, x = −10000 ಆದಾಗ ಸುಮಾರು 0.9, ಇನ್ನೂ ದೂರ ಹೋದಂತೆ ಅದು 1 ಕ್ಕೆ ಹತ್ತಿರವಾಗುತ್ತಲೇ ಹೋಗುತ್ತದೆ. ಸಹಗುಣಕ 1000 ಇರಲಿ, ಒಂದು ಕೋಟಿ ಇರಲಿ, ಅದು ಬದಲಾಗದ ಸಂಖ್ಯೆ. ಅದರ ಕೆಳಗಿರುವ x ಅನ್ನು ಮಾತ್ರ ನಾವು ಬೇಕಾದಷ್ಟು ದೊಡ್ಡದು ಮಾಡಬಹುದು. ಆದ್ದರಿಂದ ಒಂದು ಹಂತ ದಾಟಿದ ಮೇಲೆ ಆವರಣವು ಧನವಾಗಿಯೇ ಉಳಿಯುತ್ತದೆ, ಮತ್ತು ಇಡೀ ಬಹುಪದೋಕ್ತಿಯ ಚಿಹ್ನೆಯನ್ನು ಮೊದಲ ಪದವೊಂದೇ ನಿರ್ಧರಿಸುತ್ತದೆ. ಘಾತದ ಬೆಸತನ ಕೆಲಸಕ್ಕೆ ಬರುವುದು ಇಲ್ಲಿಯೇ: ಋಣಸಂಖ್ಯೆಯೊಂದನ್ನು ಬೆಸ ಸಲ ಗುಣಿಸಿಕೊಂಡರೆ ಋಣ, ಧನಸಂಖ್ಯೆಯನ್ನು ಎಷ್ಟು ಸಲ ಗುಣಿಸಿಕೊಂಡರೂ ಧನ. ಹಾಗಾಗಿ ರೇಖೆಯ ಎಡತುದಿ ಅಕ್ಷದ ಕೆಳಗೆ, ಬಲತುದಿ ಅಕ್ಷದ ಮೇಲೆ ಇರಲೇಬೇಕು. ಮೊದಲ ಪದದ ಸಹಗುಣಕ ಋಣವಾಗಿದ್ದರೆ ಎಡಬಲಗಳು ಅದಲುಬದಲಾಗುತ್ತವೆ, ಆದರೆ ತುದಿಗಳು ಆಗಲೂ ವಿರುದ್ಧ ಬದಿಗಳಲ್ಲೇ ಇರುತ್ತವೆ. ನಡುವೆ ರೇಖೆ ಎಷ್ಟು ಏರಿಳಿತ ಮಾಡಿದರೂ ತುದಿಗಳ ಈ ಸ್ಥಿತಿ ಬದಲಾಗುವುದಿಲ್ಲ.

ಎಷ್ಟು ದೂರ ಹೋದರೆ ಸಾಕು ಎಂಬುದನ್ನೂ ಮುಂಚೆಯೇ ಹೇಳಬಹುದು. ಮೊದಲ ಪದದ ಸಹಗುಣಕ 1 ಇರುವಂತೆ ಭಾಗಿಸಿಕೊಂಡು, ಉಳಿದ ಸಹಗುಣಕಗಳನ್ನು ಚಿಹ್ನೆ ಬಿಟ್ಟು ಕೂಡಿ, ಅದಕ್ಕೆ ಇನ್ನೊಂದು 1 ಸೇರಿಸಿ. ನಿಮ್ಮ ಉದಾಹರಣೆಯಲ್ಲಿ ಅದು 1000 + 1 + 1 = 1002. ಅಷ್ಟು ದೂರದಲ್ಲಿ ಉಳಿದ ಪದಗಳೆಲ್ಲ ಒಟ್ಟಾಗಿ ಎದುರು ನಿಂತರೂ ಮೊದಲ ಪದವನ್ನು ಮೀರಲಾರವು. ನಕ್ಷೆಯನ್ನು −1002 ರಿಂದ 1002 ರವರೆಗೆ ಬಿಡಿಸಿದ್ದರೆ ದಾಟುವಿಕೆ ಅದರೊಳಗೇ ಬರುತ್ತಿತ್ತು; x = −1002 ರಲ್ಲಿ ಬೆಲೆ −2008007.

ಇನ್ನುಳಿದದ್ದು, ಕೆಳಗಿನಿಂದ ಮೇಲಕ್ಕೆ ಬಂದ ರೇಖೆ ಅಕ್ಷವನ್ನು ಮುಟ್ಟದೆ ಹಾರಿಬರಲು ಸಾಧ್ಯವಿಲ್ಲವೇ ಎಂಬ ಸಂದೇಹ. ಬಹುಪದೋಕ್ತಿಯು ಕೂಡುವುದು ಮತ್ತು ಗುಣಿಸುವುದು ಇವೆರಡರಿಂದಲೇ ಆದದ್ದರಿಂದ x ಸ್ವಲ್ಪ ಬದಲಾದರೆ ಬೆಲೆಯೂ ಸ್ವಲ್ಪವೇ ಬದಲಾಗುತ್ತದೆ; 1/x ನಲ್ಲಿ ಆಗುವಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವುದಿಲ್ಲ. ಆದರೂ ಇಷ್ಟರಿಂದಲೇ ಮಾತು ಮುಗಿಯುವುದಿಲ್ಲ ಎಂಬುದು ನನಗೆ ಈ ಪ್ರಶ್ನೆಯ ಅತ್ಯಂತ ಸ್ವಾರಸ್ಯಕರ ಭಾಗ. x³ − 2 ತೆಗೆದುಕೊಳ್ಳಿ. x = 1.25 ರಲ್ಲಿ ಅದು −0.046875, x = 1.26 ರಲ್ಲಿ +0.000376. ನಮ್ಮ ಬಳಿ ಭಾಗಲಬ್ಧ ಸಂಖ್ಯೆಗಳು ಮಾತ್ರ ಇದ್ದಿದ್ದರೆ ಇವೆರಡರ ನಡುವೆ ಬೆಲೆ ಸೊನ್ನೆಯಾಗುವ ಬಿಂದುವೇ ಸಿಗುತ್ತಿರಲಿಲ್ಲ, ಏಕೆಂದರೆ 2 ರ ಘನಮೂಲ ಅಭಾಗಲಬ್ಧ ಸಂಖ್ಯೆ. ರೇಖೆಯು ಅಕ್ಷದಲ್ಲಿರುವ ಒಂದು ಬಿರುಕಿನ ಮೂಲಕ ನುಸುಳಿ ಹೋಗುತ್ತಿತ್ತು. ವಾಸ್ತವ ಸಂಖ್ಯೆಗಳಲ್ಲಿ ಅಂತಹ ಬಿರುಕುಗಳಿಲ್ಲ. ವ್ಯಾಪ್ತಿಯನ್ನು ಅರ್ಧ ಮಾಡುತ್ತಾ, ಪ್ರತಿ ಸಲವೂ ಚಿಹ್ನೆ ಬದಲಾಗುವ ಅರ್ಧವನ್ನೇ ಉಳಿಸಿಕೊಳ್ಳುತ್ತಾ ಹೋದರೆ, ಕುಗ್ಗುವ ಆ ವ್ಯಾಪ್ತಿಗಳು ಕೊನೆಗೆ ಸುತ್ತುವರಿಯುವ ಜಾಗದಲ್ಲಿ ನಿಜವಾಗಿಯೂ ಒಂದು ಸಂಖ್ಯೆ ಇರುತ್ತದೆ. ನೋಡಿದೊಡನೆ ಒಪ್ಪಬಹುದಾದ ಈ ಸಂಗತಿಗೂ ಚಿತ್ರವನ್ನು ಅವಲಂಬಿಸದ ಸಾಧನೆ ಬೇಕು ಎಂದು ಗಣಿತಜ್ಞ ಬೊಲ್ಜಾನೊ 1817 ರಲ್ಲಿ ವಾದಿಸಿದ್ದು ಇದೇ ಕಾರಣಕ್ಕೆ.

ಘಾತ ಸಮವಾಗಿದ್ದರೆ ಈ ವಾದ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. x² + 1 ರಲ್ಲಿ ಎರಡೂ ತುದಿಗಳು ಮೇಲೆಯೇ ಇರುವುದರಿಂದ ಅಕ್ಷವನ್ನು ದಾಟುವ ಒತ್ತಾಯ ಅದಕ್ಕಿಲ್ಲ. ಸಹಗುಣಕಗಳು ವಾಸ್ತವವಾಗಿರಬೇಕೆಂಬ ಷರತ್ತು ಕೂಡ ಸುಮ್ಮನೆ ಹಾಕಿದ್ದಲ್ಲ: x − i ಎಂಬುದರ ಘಾತ 1, ಅಂದರೆ ಬೆಸ, ಆದರೂ ಅದರ ಒಂದೇ ಮೂಲ i. ಅಂತಹ ಬಹುಪದೋಕ್ತಿಯ ಬೆಲೆಗೆ ಧನ, ಋಣ ಎಂಬ ಚಿಹ್ನೆಯೇ ಇಲ್ಲದಿರುವಾಗ ಚಿಹ್ನೆ ಬದಲಾಯಿತು ಎನ್ನುವುದಕ್ಕೆ ಅರ್ಥವಿಲ್ಲ.

ಸಹಗುಣಕಗಳು ವಾಸ್ತವವಾಗಿದ್ದರೆ ಸಂಕೀರ್ಣ ಮೂಲಗಳು ಯಾವಾಗಲೂ a + bi, a − bi ಎಂದು ಜೋಡಿಯಾಗಿ ಬರುತ್ತವೆ, ಆದ್ದರಿಂದ ಬೆಸ ಸಂಖ್ಯೆಯ ಮೂಲಗಳಲ್ಲಿ ಒಂದಾದರೂ ಜೋಡಿಯಿಲ್ಲದೆ ವಾಸ್ತವವಾಗಿ ಉಳಿಯಬೇಕು ಎಂಬ ವಾದವನ್ನೂ ನೀವು ಓದಿರಬಹುದು. ಅದು ಸರಿ, ನಿಮ್ಮ ಉದಾಹರಣೆಯಲ್ಲಿ ಉಳಿದೆರಡು ಮೂಲಗಳು ಸುಮಾರು 0.0316i ಮತ್ತು −0.0316i ಗಳ ತೀರ ಹತ್ತಿರ ಹಾಗೆಯೇ ಜೋಡಿಯಾಗಿ ಕುಳಿತಿವೆ. ಆದರೂ ನಾನು ಅದನ್ನು ಮೊದಲ ಉತ್ತರವಾಗಿ ಕೊಡುವುದಿಲ್ಲ. ಘಾತ n ಇದ್ದರೆ ಸಂಕೀರ್ಣ ಸಂಖ್ಯೆಗಳಲ್ಲಿ n ಮೂಲಗಳು ಇದ್ದೇ ಇರುತ್ತವೆ ಎಂಬ ಬೀಜಗಣಿತದ ಮೂಲಭೂತ ಪ್ರಮೇಯವನ್ನು ಅದು ಮೊದಲೇ ಒಪ್ಪಿಕೊಂಡಿರುತ್ತದೆ, ಮತ್ತು ಆ ಪ್ರಮೇಯಕ್ಕೆ ಗೌಸ್ 1816 ರಲ್ಲಿ ಕೊಟ್ಟ ಬೀಜಗಣಿತೀಯ ಸಾಧನೆಯೇ ಬೆಸ ಘಾತದ ಬಹುಪದೋಕ್ತಿಗೆ ವಾಸ್ತವ ಮೂಲವಿದೆ ಎಂಬುದನ್ನು ಆಧಾರವಾಗಿ ಇಟ್ಟುಕೊಂಡಿದೆ.