ಕಾರವಾರದ ಸೀಸದ ನಾಣ್ಯಗಳು ಹೇಳುವುದು

ಕಾರವಾರದ ಕಡೆ ಸಿಕ್ಕ ಹಳೇ ಸೀಸದ ನಾಣ್ಯ ನೋಡಿ ಇಲ್ಲಿ ಯಾವ ರಾಜ ಆಳಿದ, ವ್ಯಾಪಾರ ಇತ್ತಾ ಅಂತ ಹೇಗೆ ಹೇಳ್ತಾರೆ?

ಹೆಸರು ನೋಡಿ ಅಧಿಕಾರವನ್ನೂ, ಲೋಹ ನೋಡಿ ಆ ನಾಣ್ಯ ಎಷ್ಟು ದೂರ ಓಡಾಡಿರಬಹುದು ಎಂಬುದನ್ನೂ ಅಂದಾಜು ಮಾಡುತ್ತಾರೆ.

ಸೀಸ ಅಗ್ಗ, ಭಾರ. ಅದನ್ನು ಹೊತ್ತು ಯಾರೂ ದೂರದೇಶಕ್ಕೆ ಹೋಗುವುದಿಲ್ಲ. ಒಪ್ಪಿಕೊಳ್ಳುವ ಸಂತೆ ಇದ್ದಲ್ಲಷ್ಟೇ ಅದಕ್ಕೆ ಬೆಲೆ. ಹಾಗಾಗಿ ಒಂದೇ ಹೆಸರಿನ ಸೀಸದ ನಾಣ್ಯಗಳು ಒಂದೇ ಸೀಮೆಯಲ್ಲಿ ಮತ್ತೆ ಮತ್ತೆ ಸಿಕ್ಕರೆ, ಆ ರಾಜನ ಮಾತು ಅಲ್ಲಿ ನಡೆಯುತ್ತಿತ್ತು ಎನ್ನಬಹುದು. ಬೆಳ್ಳಿಯ ಕಥೆ ಬೇರೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ರೋಮಿನವರು ಅಲ್ಲಿ ಆಳಿದ್ದರು ಅಂತ ಯಾರಾದರೂ ಹೇಳುತ್ತಾರೆಯೇ? ಅದು ವ್ಯಾಪಾರದ ಗುರುತು, ಅಷ್ಟೇ.

ಕಾರವಾರದ ನಾಣ್ಯಗಳ ಮೇಲೆ ಪ್ರಾಕೃತದಲ್ಲಿ ‘ರಞೋ ಮುಳಾನಂದಸ’, ಅಂದರೆ ‘ಮುಳಾನಂದ ರಾಜನದು’ ಎಂದಿದೆ. ಚುಟುಕುಲಾನಂದನ ಹೆಸರಿನವೂ ಸಿಕ್ಕಿವೆ. ಇವರು ಬನವಾಸಿಯ ಚುಟು ಮನೆತನದವರು ಎಂಬುದು ಸಾಮಾನ್ಯ ಅಭಿಪ್ರಾಯ. ನನಗೆ ಸ್ವಾರಸ್ಯ ಅನಿಸುವುದು ಚಿತ್ರದಲ್ಲಿ: ಒಂದು ಬದಿ ಕಮಾನುಗಳನ್ನು ಪೇರಿಸಿದಂತಹ ಬೆಟ್ಟ, ಇನ್ನೊಂದು ಬದಿ ಕಟಾಂಜನದೊಳಗಿನ ಮರ. ಆ ಬೆಟ್ಟ ಇವರಿಗಿಂತ ಮೊದಲು ಆಳಿದ ಶಾತವಾಹನರ ನಾಣ್ಯಗಳಲ್ಲೂ ಇದೆ. ಜನರಿಗೆ ಪರಿಚಯವಿದ್ದ ಗುರುತು ಉಳಿಯಿತು, ಹೆಸರು ಮಾತ್ರ ಬದಲಾಯಿತು. ಸ್ವಂತ ಹೆಸರಿನ ಮುಂದೆ ‘ರಾಜ’ ಎಂದು ಅಚ್ಚು ಹಾಕಿಸಿದವನು ತಾನು ಇನ್ನೊಬ್ಬರ ಅಧಿಕಾರಿಯಲ್ಲ ಎಂದು ಸಾರುತ್ತಿದ್ದಾನೆ.

ಆದರೆ ಈ ನಾಣ್ಯಗಳಲ್ಲಿ ಇಸವಿ ಇಲ್ಲ. ಅಪ್ಪ ಯಾರು, ಮಗ ಯಾರು ಎಂದು ಇವಷ್ಟರಿಂದಲೇ ಹೇಳಲಾಗದು. ಒಂಟಿ ನಾಣ್ಯವೊಂದು ಸಿಕ್ಕರೆ ಅದು ಯಾರದೋ ಗಂಟಿನಿಂದ ಬಿದ್ದದ್ದೂ ಇರಬಹುದು.